ಜುಲೈನಲ್ಲಿ ಸೂರ್ಯ ದೂರ ಹೋಗಿ ಚಳಿ ಬರುತ್ತಾ?

ದೊಡ್ಡಪ್ಪ (ಫಾರ್ವರ್ಡ್): ಸೂರ್ಯ ಮಾಮೂಲಿಯಾಗಿ ಇರುವುದು 9 ಕೋಟಿ ಕಿ.ಮೀ. ದೂರದಲ್ಲಿ. ಜುಲೈನಲ್ಲಿ ಅಫೀಲಿಯನ್, ಅಂದರೆ ಭೂಮಿ ಸೂರ್ಯನಿಂದ ಅತಿ ದೂರ ಹೋಗುವ ಸಮಯ. ದೂರ 15.2 ಕೋಟಿ ಕಿ.ಮೀ. ಆಗಲಿದೆ. ವಿಪರೀತ ಚಳಿ, ಕೆಮ್ಮು ಬರುತ್ತದೆ. ಎಲ್ಲರಿಗೂ ತಿಳಿಸಿ.

ಸುಮಾ: ದೊಡ್ಡಪ್ಪ, ದಯವಿಟ್ಟು ಇದನ್ನು ಬೇರೆ ಕಡೆ ಕಳಿಸಬೇಡಿ. 15.2 ಕೋಟಿ ಸರಿ, 9 ಕೋಟಿ ಪೂರ್ತಿ ತಪ್ಪು. ಜನವರಿ ಮೊದಲ ವಾರ ಭೂಮಿ ಅತಿ ಹತ್ತಿರ ಇರುತ್ತದೆ. ಆಗಲೂ ದೂರ 14.7 ಕೋಟಿ ಕಿ.ಮೀ. ಸರಾಸರಿ ದೂರ 9.3 ಕೋಟಿ ಮೈಲಿ, ಯಾರೋ ಮೈಲಿಯನ್ನೇ ಕಿ.ಮೀ. ಅಂತ ಬರೆದಿರಬಹುದು. ಇದು ನಿಜವಾಗಿದ್ದರೆ ಜುಲೈನಲ್ಲಿ ಸೂರ್ಯನ ಅಗಲ ಹತ್ತರಲ್ಲಿ ಆರು ಪಾಲಿಗೆ ಇಳಿದು ಕಾಣಬೇಕಿತ್ತು. ಅದು ಯಾರ ಕಣ್ಣಿಗೂ ಬೀಳದೆ ಇರುತ್ತಿತ್ತಾ?

ದೊಡ್ಡಪ್ಪ: ಅಂಕಿ ಬಿಡಮ್ಮ. ದೂರ ಹೋಗುವುದು ನಿಜ ತಾನೇ? ದೂರ ಹೋದರೆ ಬಿಸಿ ಕಡಿಮೆ ಆಗಲೇಬೇಕು ಅಲ್ವಾ?

ಸುಮಾ: ಆಗುತ್ತದೆ. ಜನವರಿಗಿಂತ ಜುಲೈನಲ್ಲಿ ಭೂಮಿಗೆ ಸುಮಾರು 7% ಕಡಿಮೆ ಬಿಸಿಲು ಸಿಗುತ್ತದೆ. ಆದರೆ ಋತು ಮಾಡುವುದು ಅದೇ ಆಗಿದ್ದರೆ ಜುಲೈನಲ್ಲಿ ಇಡೀ ಭೂಮಿಗೆ ಒಟ್ಟಿಗೇ ಚಳಿಗಾಲ ಬರಬೇಕಿತ್ತು. ಆಸ್ಟ್ರೇಲಿಯಾಗೆ ಆಗ ಚಳಿಗಾಲ, ಯುರೋಪಿಗೆ ಬೇಸಿಗೆ. ದೂರ ಇಬ್ಬರಿಗೂ ಒಂದೇ.

ರಘು: ಅಕ್ಕ, ಭೂಮಿ ವಾಲಿಕೊಂಡಿದೆ ಅಲ್ವಾ? ಆಗ ಉತ್ತರದ ಅರ್ಧ ಸೂರ್ಯನಿಗೆ ಹತ್ತಿರ ಬರುತ್ತದೆ, ಅದಕ್ಕೇ ಬಿಸಿ.

ಸುಮಾ: ವಾಲಿರುವುದು ನಿಜ ಕಣೋ, 23.4 ಡಿಗ್ರಿ. ಆದರೆ ಹತ್ತಿರ ಬರುವುದಕ್ಕೂ ಬಿಸಿಗೂ ಸಂಬಂಧ ಇಲ್ಲ. ಭೂಮಿಯ ಅಡ್ಡಳತೆಯೇ 12,700 ಕಿ.ಮೀ. ಚಿಲ್ಲರೆ. ಎಷ್ಟೇ ವಾಲಿದರೂ ಸಿಗುವ ವ್ಯತ್ಯಾಸ ಕೆಲವು ಸಾವಿರ ಕಿ.ಮೀ. ಜನವರಿ ಜುಲೈ ನಡುವಿನ 50 ಲಕ್ಷ ಕಿ.ಮೀ. ಮುಂದೆ ಅದು ಏನೂ ಅಲ್ಲ. ವಾಲುವುದರಿಂದ ಬದಲಾಗುವುದು ಬಿಸಿಲು ಬೀಳುವ ಕೋನ ಮತ್ತು ಹಗಲಿನ ಉದ್ದ.

ದೊಡ್ಡಪ್ಪ: ಕೋನ ಬದಲಾದರೆ ಅಷ್ಟೊಂದು ವ್ಯತ್ಯಾಸ ಬರುತ್ತಾ?

ಸುಮಾ: ಲೆಕ್ಕ ಹಾಕೋಣ ದೊಡ್ಡಪ್ಪ. 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ. ಜೂನ್ 21ರ ನಡುಹಗಲು ಸೂರ್ಯ 73 ಡಿಗ್ರಿ ಎತ್ತರದಲ್ಲಿ, ನೆರಳು ಬರೀ 30 ಸೆಂ.ಮೀ. ಡಿಸೆಂಬರ್ 21ಕ್ಕೆ ಸೂರ್ಯ 27 ಡಿಗ್ರಿಯಷ್ಟೇ ಏರುತ್ತಾನೆ, ನೆರಳು ಎರಡು ಮೀಟರ್. ಜೂನ್‌ನಲ್ಲಿ ಒಂದು ಚದರ ಮೀಟರ್ ನೆಲಕ್ಕೆ ಬೀಳುವ ಬಿಸಿಲು ಡಿಸೆಂಬರ್‌ನಲ್ಲಿ ಎರಡು ಚದರ ಮೀಟರಿಗೂ ಜಾಸ್ತಿ ಜಾಗಕ್ಕೆ ಹರಡಿ ತೆಳ್ಳಗಾಗುತ್ತದೆ. ಅದರ ಮೇಲೆ ಹಗಲು ಜೂನ್‌ನಲ್ಲಿ 15 ಗಂಟೆ, ಡಿಸೆಂಬರ್‌ನಲ್ಲಿ ಒಂಬತ್ತು ಚಿಲ್ಲರೆ. ಎರಡೂ ಸೇರಿ ಜೂನ್‌ನ ಒಂದು ದಿನಕ್ಕೆ ಸುಮಾರು ಮೂರು ಪಟ್ಟು ಬಿಸಿಲು. 7% ಅದರ ಮುಂದೆ ಎಲ್ಲಿ ನಿಲ್ಲುತ್ತದೆ?

ರಘು: ಹಾಗಾದರೆ ದಕ್ಷಿಣದವರ ಬೇಸಿಗೆ ನಮ್ಮದಕ್ಕಿಂತ 7% ಜೋರಾಗಿರಬೇಕು. ಭೂಮಿ ಹತ್ತಿರ ಇರುವಾಗಲೇ ಅವರಿಗೆ ಬೇಸಿಗೆ ಅಲ್ವಾ?

ಸುಮಾ: ಒಳ್ಳೆ ಪ್ರಶ್ನೆ. ಬಿಸಿಲು ಹೆಚ್ಚು ಬೀಳುವುದು ನಿಜ. ಆದರೆ ದಕ್ಷಿಣಾರ್ಧದ ಹತ್ತರಲ್ಲಿ ಎಂಟು ಪಾಲು ಸಮುದ್ರ. ನೀರು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಉತ್ತರದಲ್ಲಿ ನೆಲ ಜಾಸ್ತಿ, ಬೇಗ ಕಾಯುತ್ತದೆ. ಅದಕ್ಕೇ ಒಟ್ಟು ಭೂಮಿಯ ಸರಾಸರಿ ಉಷ್ಣಾಂಶ ತೆಗೆದರೆ, ಸೂರ್ಯ ಅತಿ ದೂರ ಇರುವ ಜುಲೈ ತಿಂಗಳೇ ವರ್ಷದ ಅತಿ ಬಿಸಿ ತಿಂಗಳು.