90 ದಾಟಿದ ಬಾಕಿ ಮೊದಲೋ, 31–60ರ ಬಾಕಿ ಮೊದಲೋ?

ಪ್ರಶ್ನೆ

ಅಕೌಂಟ್ಸ್‌ಗೆ ಸೇರಿ ಮೂರು ತಿಂಗಳಾಯಿತು. ಬಾಕಿ ವಸೂಲಿ ಈಗ ನನ್ನ ತಲೆಗೆ ಬಂದಿದೆ. ಏಜಿಂಗ್ ರಿಪೋರ್ಟಿನಲ್ಲಿ ಒಟ್ಟು 48 ಲಕ್ಷ ಇದೆ. ಗಡುವು ಬರದದ್ದು 22, ಗಡುವು ದಾಟಿ 1–30 ದಿನ ಆದದ್ದು 9, 31–60 ದಿನ 8, 61–90 ದಿನ 3, 90 ದಾಟಿದ್ದು 6. ಮ್ಯಾನೇಜರ್ “90 ದಾಟಿದ್ದನ್ನು ಮೊದಲು ಹಿಡಿ” ಅಂತಾರೆ. ಒಂದು ವಾರದಿಂದ ಅದೇ ಮಾಡ್ತಿದ್ದೇನೆ, 20 ಸಾವಿರ ಕೂಡ ಬಂದಿಲ್ಲ. ಎಲ್ಲಿಂದ ಶುರು ಮಾಡಬೇಕು?

ಅಕೌಂಟೆಂಟ್ ಒಬ್ಬರು

ಮ್ಯಾನೇಜರ್ ಹೇಳಿದ್ದೇ ಸರಿ. ಬಾಕಿ ಹಳೆಯದಾದಷ್ಟೂ ಕೈಗೆ ಬರೋದು ಕಷ್ಟ. ನಾವಂತೂ ಕೊನೆಯ ಕಾಲಂನಿಂದಲೇ ಶುರು ಮಾಡಿ ಹಿಂದಕ್ಕೆ ಬರ್ತೇವೆ. 31–60ರವರು ಹೇಗೂ ಕೊಡ್ತಾರೆ, ಸ್ವಲ್ಪ ತಡ ಅಷ್ಟೇ.

ಕ್ರೆಡಿಟ್ ಕಂಟ್ರೋಲ್‌ನಲ್ಲಿರುವವರು

ಹಳೆಯದು ಕಷ್ಟ ಅನ್ನೋದು ನಿಜ. ಆದರೆ ಕಷ್ಟದ್ದನ್ನೇ ಮೊದಲು ಹಿಡಿಯಬೇಕು ಅಂತೇನಿಲ್ಲವಲ್ಲ. 90 ದಾಟಿದ್ದು ಇನ್ನೊಂದು ವಾರ ಕಾದರೆ ಸಾಮಾನ್ಯವಾಗಿ ಇದ್ದ ಹಾಗೇ ಇರುತ್ತದೆ. ಈಗ ಕೆಡುತ್ತಿರುವುದು ಯಾವುದು, ಈ ವಾರ ಮುಟ್ಟಿದರೆ ಯಾವುದು ಉಳಿಯುತ್ತದೆ ಅಂತ ನೋಡಬೇಕು.

ಕೇಳಿದವರಿಗೆ ಮೂರು ಪ್ರಶ್ನೆ. 90 ದಾಟಿದ ಕಾಲಂನಲ್ಲಿ ಮೈನಸ್ ಮೊತ್ತ ಏನಾದರೂ ಇದೆಯಾ? 31–60ರಲ್ಲಿ ದೊಡ್ಡ ಪಾರ್ಟಿ ಯಾವುದು, ಅವರ ಹೆಸರು ಬೇರೆ ಕಾಲಂಗಳಲ್ಲೂ ಇದೆಯಾ? ಹೋದ ತಿಂಗಳ ಮತ್ತು ಅದರ ಹಿಂದಿನ ತಿಂಗಳ ರಿಪೋರ್ಟ್ ಇದೆಯಾ? ಪಾರ್ಟಿಗಳ ಹೆಸರು ಬೇಡ, ಮೊತ್ತ ಸಾಕು.

ಇನ್ನೊಬ್ಬರು

ನನ್ನದೂ ಇದೇ ಗೋಳು. ಸರಕು ಕೊಡುವವರು ದಿನಾ ಫೋನ್ ಮಾಡ್ತಾರೆ. ನಾನು 60 ದಿನಕ್ಕೆ ಕೊಡ್ತೇನೆ ಅಂದರೂ ಕೇಳಲ್ಲ. ಯಾರಿಗೆ ಮೊದಲು ಕೊಡಲಿ?

ಕ್ರೆಡಿಟ್ ಕಂಟ್ರೋಲ್‌ನಲ್ಲಿರುವವರು

ನಿಮ್ಮದು ಕೊಡಬೇಕಾದ ಬಾಕಿ, ಇಲ್ಲಿರೋದು ಬರಬೇಕಾದ ಬಾಕಿ. ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ. ಒಂದಂತೂ ಇದೆ. ದಿನಾ ಫೋನ್ ಮಾಡುವವರಿಗೇ ಮೊದಲು ಕೊಡಬೇಕು ಅಂತ ನಿಮಗೆ ಅನಿಸ್ತಿದೆ ಅಲ್ವಾ? ಕೇಳಿದವರು ಅದನ್ನು ನೆನಪಿಟ್ಟುಕೊಳ್ಳಲಿ.

ಕೇಳಿದವರು

ಮೈನಸ್ ಇದೆ ಸರ್. 90 ದಾಟಿದ್ದರಲ್ಲಿ ಬಿಲ್ಲುಗಳೇ 7.5 ಲಕ್ಷ, ಮೈನಸ್ 1.5, ಹಾಗಾಗಿ 6. ಆ 7.5ರಲ್ಲಿ 4 ಲಕ್ಷ ಒಂದೇ ಬಿಲ್. ಆ ಪಾರ್ಟಿ ಬೇರೆ ಬಿಲ್ಲೆಲ್ಲ ಸರಿಯಾಗಿ ಕಟ್ಟುತ್ತಿದ್ದಾರೆ. 1.4 ಲಕ್ಷದ ಪಾರ್ಟಿ ಅಂಗಡಿ ಮುಚ್ಚಿದ್ದಾರಂತೆ. 1.5 ಲಕ್ಷ ಮೈನಸ್ ಇರುವ ಪಾರ್ಟಿಯದ್ದೇ. ಉಳಿದ 60 ಸಾವಿರ ಚಿಲ್ಲರೆ, 26 ಲೈನ್.

31–60ರ 8ರಲ್ಲಿ 5 ಲಕ್ಷ ಒಂದೇ ಪಾರ್ಟಿಯದು. ಅವರದೇ 1–30ರಲ್ಲಿ 3, ಗಡುವು ಬರದದ್ದು 4. 60 ದಾಟಿದ್ದು ಏನೂ ಇಲ್ಲ.

ಹೋದ ತಿಂಗಳು 1–30ರಲ್ಲಿ 10, 31–60ರಲ್ಲಿ 4 ಇತ್ತು. ಅದರ ಹಿಂದಿನ ತಿಂಗಳು 1–30ರಲ್ಲಿ 9 ಇತ್ತು.

ಕ್ರೆಡಿಟ್ ಕಂಟ್ರೋಲ್‌ನಲ್ಲಿರುವವರು

ಒಂದು ವಾರ ನೀವು ಯಾರ ಹಿಂದೆ ಓಡಿದಿರಿ ಅಂತ ಈಗ ಗೊತ್ತಾಯಿತು. 1.5 ಲಕ್ಷ ಬಾಕಿಯೇ ಅಲ್ಲ. ಪಾರ್ಟಿ ದುಡ್ಡು ಕಟ್ಟಿದ್ದಾರೆ, ನಿಮ್ಮಲ್ಲಿ ಆನ್ ಅಕೌಂಟ್ ಅಂತ ಹಾಕಿ ಬಿಲ್ಲಿಗೆ ಅಡ್ಜಸ್ಟ್ ಮಾಡಿಲ್ಲ. ಲೆಡ್ಜರ್ ಹೊಂದಿಸಿ ಅಡ್ಜಸ್ಟ್ ಮಾಡಿ. ಕಟ್ಟಿದವರಿಗೇ ಮತ್ತೆ ಫೋನ್ ಮಾಡಿ ಕೇಳಿದರೆ ಅವರು ಬೇಜಾರಾಗೋದು ಸಹಜ.

4 ಲಕ್ಷದ್ದು ತಕರಾರು ಇರಬೇಕು. ದುಡ್ಡಿಲ್ಲದವರು ಹೊಸ ಬಿಲ್ಲೂ ಕಟ್ಟಲ್ಲ. ಹೊಸದನ್ನೆಲ್ಲ ಕಟ್ಟಿ ಒಂದನ್ನು ಮಾತ್ರ ಬಿಟ್ಟಿದ್ದಾರೆ ಅಂದರೆ ಆ ಒಂದರಲ್ಲೇ ಏನೋ ಇದೆ: ಸರಕು ಕಡಿಮೆ ಬಂದಿರಬಹುದು, ರೇಟ್ ತಪ್ಪಿರಬಹುದು, ಆರ್ಡರ್ ನಂಬರ್ ಇಲ್ಲದೆ ಅವರ ಕಡೆ ಬಿಲ್ಲೇ ಪಾಸಾಗಿರಲಿಕ್ಕಿಲ್ಲ. ಇದಕ್ಕೆ “ದುಡ್ಡು ಯಾವಾಗ” ಅಂತ ಕೇಳಿ ಪ್ರಯೋಜನವಿಲ್ಲ. “ಈ ಬಿಲ್ಲಿಗೆ ಏನಾಗಿದೆ” ಅಂತ ಕೇಳಿ, ಸಹಿಯಾದ ಡೆಲಿವರಿ ಚಲನ್ ತೆಗೆದು ನೋಡಿ. ಅಂಗಡಿ ಮುಚ್ಚಿದವರ ಕಡತ ಮ್ಯಾನೇಜರ್ ಮೇಜಿಗೆ ಹೋಗಲಿ, ನಿಮ್ಮ ಫೋನಿಂದ ಅದು ಬರೋದಲ್ಲ. ಚಿಲ್ಲರೆ ತಿಂಗಳ ಕೊನೆಗೆ ಇರಲಿ.

ಈಗ ಮುಖ್ಯದ್ದಕ್ಕೆ ಬರ್ತೇನೆ. ಎರಡು ತಿಂಗಳ ಹಿಂದೆ 1–30ರಲ್ಲಿದ್ದ 9ರಲ್ಲಿ ಮುಂದಿನ ತಿಂಗಳಿಗೆ ಜಾರಿದ್ದು 4. ಹೋದ ತಿಂಗಳ 10ರಲ್ಲಿ ಈ ತಿಂಗಳಿಗೆ ಜಾರಿದ್ದು 8. ಅಂದರೆ ಮೊದಲು ಅರ್ಧಕ್ಕಿಂತ ಜಾಸ್ತಿ ಬರುತ್ತಿತ್ತು, ಈಗ ಐದರಲ್ಲಿ ಒಂದು ಪಾಲು ಬಂದಿದೆ. ಯಾರೋ ನಿಲ್ಲಿಸಿದ್ದಾರೆ, ಅದು ಯಾರು ಅಂತ ನೀವೇ ಬರೆದಿದ್ದೀರಿ. ಆ 5 ಲಕ್ಷದ ಪಾರ್ಟಿ ಬಿಟ್ಟಿರೋದು ಒಂದೇ ಬಿಲ್ ಅಲ್ಲ, ಸಾಲಾಗಿ ಎಲ್ಲ ಬಿಲ್ ತಡ ಮಾಡ್ತಿದ್ದಾರೆ. ಅವರ ಲೆಕ್ಕ ಒಟ್ಟು 12 ಲಕ್ಷ, ನಿಮ್ಮ ಪೂರ್ತಿ ಬಾಕಿಯ ಕಾಲು ಭಾಗ. ಅದರಲ್ಲಿ 4 ಲಕ್ಷದ ಸರಕು ಇತ್ತೀಚೆಗೆ ಹೋಗಿದೆ. ಹಳೆಯದು ಬಾರದೆ ಹೊಸದು ಹೋಗ್ತಿದೆ. ನಾನಾಗಿದ್ದರೆ ಇವತ್ತೇ ಇವರಿಗೆ ಫೋನ್ ಮಾಡ್ತಿದ್ದೆ.

ಮಾಡುವ ಮುಂಚೆ ಒಂದು ನೋಡಿ. ಪಾರ್ಟಿ ಮಾಸ್ಟರ್‌ನಲ್ಲಿ ಕ್ರೆಡಿಟ್ ದಿನ ಖಾಲಿ ಬಿಟ್ಟಿದ್ದರೆ ಬಿಲ್ ತಾರೀಖನ್ನೇ ಗಡುವು ಅಂತ ತಗೊಳ್ಳುವ ಸಾಫ್ಟ್‌ವೇರ್‌ಗಳಿವೆ. 45 ದಿನದ ಒಪ್ಪಂದ ಇದ್ದವರು ಆಗ ಸುಮ್ನೆ 31–60ರಲ್ಲಿ ಕಾಣಿಸ್ತಾರೆ. ಇವರ ಒಂದು ಬಿಲ್ ಹಿಡಿದು ಕೈಯಲ್ಲೇ ದಿನ ಎಣಿಸಿ. ನಾನು ಇಲ್ಲೇ ಮೋಸ ಹೋಗಿದ್ದು. ಒಮ್ಮೆ ಗಡುವಿನೊಳಗೇ ಇದ್ದ ಪಾರ್ಟಿಗೆ ಜೋರಾಗಿ ಮಾತಾಡಿ ಆಮೇಲೆ ಕ್ಷಮೆ ಕೇಳಿದ್ದೆ.

ಸೇಲ್ಸ್‌ನಲ್ಲಿರುವವರು

ಫೋನ್ ಮಾಡಿ, ಬೇಡ ಅನ್ನಲ್ಲ. ಆದರೆ ಅಕೌಂಟ್ಸ್‌ನವರು ತಕ್ಷಣ “ಸರಕು ನಿಲ್ಲಿಸಿ” ಅಂತಾರೆ, ಅಲ್ಲಿಗೆ ಪಾರ್ಟಿ ಬೇರೆಯವರ ಹತ್ತಿರ ಹೋಗ್ತಾರೆ. ಆಮೇಲೆ ಹಳೆ ದುಡ್ಡೂ ಬರಲ್ಲ. ಸರಕು ಬೇಕಾದಾಗ ಮಾತ್ರ ಅವರು ನಮ್ಮ ಮಾತು ಕೇಳೋದು.

ಕ್ರೆಡಿಟ್ ಕಂಟ್ರೋಲ್‌ನಲ್ಲಿರುವವರು

ಅದಕ್ಕೇ ಅಲ್ವಾ, ಸರಕು ಬೇಕಾಗಿರುವಾಗಲೇ ಮಾತಾಡಬೇಕು. ಪೂರ್ತಿ ನಿಲ್ಲಿಸಿ ಅನ್ನಲ್ಲ. ಒಂದು ಹಳೆ ಬಿಲ್ ಬಂದ ಮೇಲೆ ಒಂದು ಹೊಸ ಆರ್ಡರ್ ಬಿಡಿ. 12 ಲಕ್ಷ 14 ಆಗಬಾರದು, ಅಷ್ಟೇ.

ಸೇಲ್ಸ್‌ನಲ್ಲಿರುವವರು

ಸೀಸನ್‌ನಲ್ಲಿ ಹಾಗೆ ಮಾಡೋಕೆ ಆಗಲ್ಲ. ಪಾರ್ಟಿಯ ಕಡೆಯೂ ದುಡ್ಡು ಸೀಸನ್ ಮುಗಿದ ಮೇಲೇ ಬರೋದು.

ಕೇಳಿದವರು

ಸರ್, ನಾಲ್ಕು ದಿನ ಆಯಿತು. ಗಡುವು ಎಣಿಸಿದೆ, ರಿಪೋರ್ಟ್ ಸರಿಯಾಗೇ ಇದೆ. 1.5 ಲಕ್ಷ ಅಡ್ಜಸ್ಟ್ ಆಯಿತು. 4 ಲಕ್ಷದ ಬಿಲ್ಲಿನ ಚಲನ್ ಸಿಕ್ಕಿತು, 12 ಪೆಟ್ಟಿಗೆ ಕಡಿಮೆ ಅಂತ ಅವರೇ ಅದರ ಮೇಲೆ ಬರೆದು ಸಹಿ ಹಾಕಿದ್ದಾರೆ. ನಮ್ಮವರು ಯಾರೂ ನೋಡಿಲ್ಲ, ಕ್ರೆಡಿಟ್ ನೋಟೂ ಕೊಟ್ಟಿಲ್ಲ.

ದೊಡ್ಡ ಪಾರ್ಟಿ ಶುಕ್ರವಾರ 2 ಲಕ್ಷ ಅಂದಿದ್ದರು, 1.2 ಬಂತು. ಯಾವ ಬಿಲ್ಲಿಗೆ ಅಂತ ಹೇಳಿಲ್ಲ. ಹೊಸ ಆರ್ಡರ್ ಬಿಡೋದೋ ಬೇಡವೋ ಅಂತ ಮ್ಯಾನೇಜರ್ ಮತ್ತು ಸೇಲ್ಸ್‌ನವರು ಇನ್ನೂ ಮಾತಾಡ್ತಿದ್ದಾರೆ.

ಕ್ರೆಡಿಟ್ ಕಂಟ್ರೋಲ್‌ನಲ್ಲಿರುವವರು

ಅವರು ಮಾತಾಡಲಿ. ನೀವು ಆ 1.2 ಯಾವ ಬಿಲ್ಲಿಗೆ ಅಂತ ಇವತ್ತೇ ಪಾರ್ಟಿಯಿಂದ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ, ಉಳಿದ 80 ಸಾವಿರದ ತಾರೀಖನ್ನೂ ಅದರಲ್ಲೇ ಕೇಳಿ. ಇಲ್ಲದಿದ್ದರೆ ಮುಂದಿನ ರಿಪೋರ್ಟಿನಲ್ಲಿ ಅದೂ ಒಂದು ಮೈನಸ್ ಆಗಿ ಕೂತಿರುತ್ತದೆ.