ಅಪ್‌ಡೇಟ್: ಎಚ್‌ಡಿಆರ್ ಸಿನಿಮಾ ಮಂಕಾಗಿ ಕಾಣುತ್ತಿದ್ದದ್ದು ಯಾಕೆ ಅಂತ ಗೊತ್ತಾಯ್ತು

ನನ್ನ ಪ್ರಶ್ನೆ: "ಹೊಸ ಟಿವಿಯಲ್ಲಿ ಎಚ್‌ಡಿಆರ್ ಸಿನಿಮಾ ಹಾಕಿದರೆ ಮಾಮೂಲಿ ಚಾನೆಲ್‌ಗಿಂತ ಮಂಕಾಗಿ ಕಾಣುತ್ತೆ. ಟಿವಿ ಕೆಟ್ಟಿದೆಯಾ?"

ಕೆಟ್ಟಿಲ್ಲ. ಮಾಮೂಲಿ ವಿಡಿಯೊದಲ್ಲಿ ಬಿಳಿ ಅಂದರೆ ಟಿವಿಯನ್ನು ಎಷ್ಟಕ್ಕೆ ಇಟ್ಟಿದ್ದೀವೋ ಅಷ್ಟು ಬಿಳಿ. ಬ್ಯಾಕ್‌ಲೈಟ್ ಏರಿಸಿದರೆ ಇಡೀ ಚಿತ್ರ ಬೆಳಗುತ್ತದೆ. ನಾನು ನೋಡಿದ ಎಚ್‌ಡಿಆರ್10 ಸಿನಿಮಾದಲ್ಲಿ ಹಾಗಲ್ಲ. ಒಂದೊಂದು ಚುಕ್ಕೆಗೂ ಇಷ್ಟೇ ನಿಟ್ಸ್ ಬೆಳಕು ಅಂತ ಲೆಕ್ಕ ಬರೆದಿರುತ್ತದೆ. ಬಿಳಿ ಗೋಡೆಗೆ 200ರ ಆಸುಪಾಸು, ದೀಪದ ಕುಡಿಗೆ 1000 ಅಂತಿಟ್ಟುಕೊಳ್ಳಿ. ನನ್ನ ಟಿವಿ ಎಷ್ಟೇ ಎಳೆದರೂ 300 ದಾಟಲ್ಲ. ಕುಡಿಯ ಆಕಾರ ಬರೀ ಬಿಳಿ ಮಚ್ಚೆ ಆಗದಿರಲಿ ಅಂತ ಅದು ಗೋಡೆಯನ್ನೂ ಮುಖವನ್ನೂ ಕೆಳಕ್ಕೆ ಒತ್ತುತ್ತದೆ. ಟೋನ್ ಮ್ಯಾಪಿಂಗ್ ಅಂದರೆ ಇದೇ. ಬ್ಯಾಕ್‌ಲೈಟ್ ಆಗಲೇ ತುದಿಯಲ್ಲಿರುವುದರಿಂದ ಇನ್ನು ಏರಿಸಲು ಜಾಗವೂ ಇಲ್ಲ.

ವಿದ್ಯುತ್ ಉಳಿತಾಯದ ಮೋಡ್ ಆನ್ ಇತ್ತು, ತೆಗೆದೆ. ಡೈನಾಮಿಕ್ ಟೋನ್ ಮ್ಯಾಪಿಂಗ್ ಹಾಕಿದೆ. ಅದು ದೃಶ್ಯ ನೋಡಿಕೊಂಡು ಒತ್ತುತ್ತದೆ, ದೀಪವೇ ಇಲ್ಲದ ಕಡೆ ಸುಮ್ನೆ ಮಂಕು ಮಾಡಲ್ಲ. ಆಮೇಲೆ ಕಿಟಕಿ ಪರದೆ ಎಳೆದೆ. ಜಾಸ್ತಿ ವ್ಯತ್ಯಾಸ ಆಗಿದ್ದು ಇದರಿಂದಲೇ, ಯಾಕೆಂದರೆ ಈ ಲೆಕ್ಕ ಹಾಕಿರುವುದು ಕತ್ತಲ ಕೋಣೆಗೆ. ನಿನ್ನೆ ರಾತ್ರಿ, ಮೊದಲು ಮಂಕಾಗಿ ಕಂಡಿದ್ದ ಅಡುಗೆಮನೆಯ ದೃಶ್ಯದಲ್ಲಿ ಒಲೆಯ ಹಿಂದಿನ ಮಸಿಯೂ ಕಂಡಿತು! ಹಗಲಲ್ಲಿ ಮಾತ್ರ ಎಚ್‌ಡಿಆರ್ ಆಫ್ ಮಾಡಿಯೇ ನೋಡುತ್ತೇನೆ.