ಟ್ಯೂಬಿನ ಮೇಲೆ 50, ಕೆನ್ನೆಯ ಮೇಲೆ ಎಷ್ಟು? ಚರ್ಮವೈದ್ಯೆಯೊಂದಿಗೆ ಪ್ರಶ್ನೋತ್ತರ

ಶಿಕ್ಷಕಿ, ಹಾಸನ: ಡಾಕ್ಟರೇ, ನನ್ನ ಕೆನ್ನೆಯ ಮೇಲೆ ಬಂಗು ಇದೆ. ಎಸ್‌ಪಿಎಫ್ 50, ಪಿಎ ನಾಲ್ಕು ಪ್ಲಸ್ ಎಂದಿರುವ ಸನ್‌ಸ್ಕ್ರೀನನ್ನು ದಿನವೂ ಬೆಳಿಗ್ಗೆ ಮುಖಕ್ಕೆ ಹಚ್ಚುತ್ತೇನೆ. ಯುಗಾದಿಗೆ ತಂದ 50 ಗ್ರಾಂ ಟ್ಯೂಬು ದಸರೆಗೆ ಮುಗಿಯಿತು. ಕಲೆ ಮಾತ್ರ ಕಪ್ಪಾಗುತ್ತಲೇ ಇದೆ. ಏಕೆ?

ಚರ್ಮವೈದ್ಯೆ: ಆರು ತಿಂಗಳಿಗೆ 50 ಗ್ರಾಂ ಎಂದರೆ ದಿನಕ್ಕೆ 0.28 ಗ್ರಾಂ. ಎಸ್‌ಪಿಎಫ್ ಅಳೆಯುವಾಗ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಅಷ್ಟು ದಪ್ಪ ಬರಲು ಮುಖಕ್ಕೇ ಸುಮಾರು 0.8 ಗ್ರಾಂ, ಕಿವಿ ಮತ್ತು ಕುತ್ತಿಗೆ ಸೇರಿದರೆ 1.2 ಗ್ರಾಂ ಬೇಕಾಗುತ್ತದೆ. ನೀವು ಹಚ್ಚುತ್ತಿರುವುದು ಮುಖಕ್ಕೆ ಬೇಕಾದುದರ ಮೂರನೇ ಒಂದು ಪಾಲು, ರಕ್ಷಣೆಯೂ ಹೆಚ್ಚುಕಡಿಮೆ ಅಷ್ಟಕ್ಕೇ ಇಳಿದಿರುತ್ತದೆ. ತೋರುಬೆರಳು ಮತ್ತು ನಡುಬೆರಳಿನ ಮೇಲೆ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಹಿಂಡಿಕೊಳ್ಳಿ. ಮೊದಲು ಒಂದು ಬೆರಳಿನದನ್ನು ಹಚ್ಚಿ, ಅದು ಆರಿದ ಮೇಲೆ ಇನ್ನೊಂದನ್ನು ಹಚ್ಚಿದರೆ ಮುಖ ಬಿಳಿಚಿದಂತೆ ಕಾಣುವುದು ಕಡಿಮೆ.

ನನಗೆ ಇನ್ನೊಂದು ಚಿಂತೆಯಿದೆ. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಚರ್ಮವನ್ನು ಸುಡುವ ಯುವಿಬಿ ಕಿರಣದ ಮಾತು. ಪಿಎ ಹೇಳುವುದು ಕಿಟಕಿಯ ಗಾಜನ್ನೂ ದಾಟಿ ಬರುವ ಯುವಿಎ ಕಿರಣದ ಮಾತು. ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಗಾಢಗೊಳಿಸುತ್ತದೆ, ಅದು ಈ ಎರಡೂ ಗುರುತುಗಳ ಲೆಕ್ಕದಲ್ಲಿಲ್ಲ. ಆದ್ದರಿಂದ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನನ್ನು ಆರಿಸಿಕೊಳ್ಳಿ.

ಸದಸ್ಯ, ಮೈಸೂರು: ಎಸ್‌ಪಿಎಫ್ 30 ಎಂಬುದು ಯುವಿಬಿಯನ್ನು ಶೇ 97ರಷ್ಟು ತಡೆದರೆ 50 ಎಂಬುದು ಶೇ 98ರಷ್ಟು ತಡೆಯುತ್ತದೆ. ಒಂದು ಅಂಶಕ್ಕಾಗಿ ಹೆಚ್ಚು ಹಣ ಏಕೆ?

ಚರ್ಮವೈದ್ಯೆ: ಅಂಕಿಗಳು ಸರಿ. ಆದರೆ ಚರ್ಮವನ್ನು ಕೆಡಿಸುವುದು ಒಳಹೋಗುವ ಪಾಲು: ಒಂದರಲ್ಲಿ ಮೂರು, ಇನ್ನೊಂದರಲ್ಲಿ ಎರಡು. ಬಂಗು ಇರುವವರಿಗೆ ಅದು ಸಣ್ಣ ವ್ಯತ್ಯಾಸವಲ್ಲ.

ಸದಸ್ಯೆ, ದಾವಣಗೆರೆ: ಹತ್ತು ನಿಮಿಷದಲ್ಲಿ ಸುಡುವ ಚರ್ಮಕ್ಕೆ ಎಸ್‌ಪಿಎಫ್ 50 ಅಂದರೆ ಐವತ್ತು ಪಟ್ಟು, 500 ನಿಮಿಷ ತಾನೇ? ಬೆಳಿಗ್ಗೆ ಹಚ್ಚಿದರೆ ಸಂಜೆವರೆಗೆ ಸಾಕಲ್ಲವೇ?

ಚರ್ಮವೈದ್ಯೆ: ಅಲ್ಲ. ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಹಚ್ಚಿ.

ಸದಸ್ಯ, ಹುಬ್ಬಳ್ಳಿ: ನಮ್ಮ ಮೈಬಣ್ಣಕ್ಕೆ ಇದೆಲ್ಲ ಬೇಕಿಲ್ಲ. ನಿಂಬೆರಸ, ಕೊಬ್ಬರಿ ಎಣ್ಣೆ ಹಚ್ಚಿದರೆ ಬಂಗು ಹೋಗುತ್ತದೆ ಎಂಬ ಸಂದೇಶವನ್ನು ಕೆಳಗೆ ಹಾಕಿದ್ದೇನೆ.

ಚರ್ಮವೈದ್ಯೆ: ದಯವಿಟ್ಟು ಅದನ್ನು ಅಳಿಸಿ. ನಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ತಾಗಿದರೆ ಬೊಬ್ಬೆಯೆದ್ದು, ಅದೇ ಜಾಗದಲ್ಲಿ ತಿಂಗಳುಗಟ್ಟಲೆ ಹೋಗದ ಕಪ್ಪುಕಲೆ ಉಳಿಯಬಹುದು. ಇಂಥ ಮುಖಗಳನ್ನು ನಾನು ನೋಡಿದ್ದೇನೆ.

ಸದಸ್ಯೆ, ದಾವಣಗೆರೆ: ಹುಬ್ಬಳ್ಳಿಯವರೇ, ಬಂಗು ಹೆಚ್ಚಾಗಿ ಕಾಡುವುದೇ ನಮ್ಮಂಥ ಬಣ್ಣದವರನ್ನು. ನನ್ನ ಅತ್ತಿಗೆಗೂ ಇದೆ.

ಸದಸ್ಯ, ಹುಬ್ಬಳ್ಳಿ: ನಿಮ್ಮ ಅತ್ತಿಗೆಯ ವಿಷಯ ನಾನು ಕೇಳಿರಲಿಲ್ಲ. ನಮ್ಮ ಅಜ್ಜಿ ಎಂಬತ್ತು ವರ್ಷ ಹೊಲದಲ್ಲೇ ದುಡಿದವರು.

ಸದಸ್ಯ, ಮೈಸೂರು: ಅಜ್ಜಿ ತಲೆಯ ಮೇಲೆ ಸೆರಗು ಹೊದ್ದಿರಲಿಲ್ಲವೇ?

ಗೃಹಿಣಿ, ಉಡುಪಿ: ನಾಲ್ಕು ವರ್ಷದ ಮಗನನ್ನು ಈಜಿಗೆ ಸೇರಿಸಿದ್ದೇವೆ. ಅವನಿಗೆ ಯಾವುದು ಹಚ್ಚಬಹುದು?

ಉದ್ಯೋಗಿ, ಬೆಂಗಳೂರು: 500 ನಿಮಿಷದ ಲೆಕ್ಕ ತಪ್ಪೇ?

ಚರ್ಮವೈದ್ಯೆ: ಮೇಲೆ ಓದಿ.

ಶಿಕ್ಷಕಿ, ಹಾಸನ: ಇಂದು ಎರಡು ಬೆರಳಿನಷ್ಟು ಹಚ್ಚಿಕೊಂಡು ಹೋಗಿದ್ದೆ. ಮಧ್ಯಾಹ್ನ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ಯುವ ಮೊದಲು ಮುಖ ತೊಳೆದೇ ಹಚ್ಚಬೇಕೇ?

ಚರ್ಮವೈದ್ಯೆ: ತೊಳೆಯಬೇಕಿಲ್ಲ. ಬೆವರನ್ನು ಉಜ್ಜದೆ, ಕರವಸ್ತ್ರದಿಂದ ಒತ್ತಿ ತೆಗೆದು, ಅಷ್ಟೇ ಪ್ರಮಾಣವನ್ನು ಹಚ್ಚಿ.